ಬಡ್ಡಿ ಸಹಿತ ಚಾಲ್ತಿ ಲೆಕ್ಕ (ಗುಣಲಬ್ಧ ಕ್ರಮ)

ತುಮಕೂರಿನ ಎಣ್ಣೆ ಗಾಣದವರ ಲೆಕ್ಕ, ತಿಪಟೂರು ಕೊಬ್ಬರಿ ಮಂಡಿಯ ಪುಸ್ತಕದಂತೆ
01-01-2025ರಿಂದ 31-03-2025ರವರೆಗೆ. ಬಡ್ಡಿ ವರ್ಷಕ್ಕೆ ಶೇ. 12.

| ದಿನಾಂಕ | ವಿವರ | ರೂ. | ದಿನ | ಗುಣಲಬ್ಧ |
|---|---|---|---|---|
| ಖರ್ಚು | | | | |
| 01-01 | ಹಿಂದಿನ ಬಾಕಿ | 20,000 | 90 | 18,00,000 |
| 15-01 | ಕೊಬ್ಬರಿ ಬಿಲ್ಲು | 36,500 | 75 | 27,37,500 |
| 01-03 | ಕೊಬ್ಬರಿ ಬಿಲ್ಲು, ವಾಯಿದೆ 11-03 | 25,000 | 20 | 5,00,000 |
| | ಒಟ್ಟು | 81,500 | | 50,37,500 |
| ಜಮಾ | | | | |
| 10-02 | ನಗದು | 30,000 | 49 | 14,70,000 |
| 20-03 | ಚೆಕ್ಕು | 15,000 | 11 | 1,65,000 |
| | ಒಟ್ಟು | 45,000 | | 16,35,000 |

ಗುಣಲಬ್ಧದ ವ್ಯತ್ಯಾಸ: 34,02,500
ಬಡ್ಡಿ: 34,02,500 × 12 ÷ 36,500 = ರೂ. 1,118.63
ತಮ್ಮಿಂದ ಬರಬೇಕಾದ ಬಾಕಿ: 81,500 + 1,118.63 − 45,000 = ರೂ. 37,618.63

ವ್ಯವಹಾರದ ದಿನ ಬಿಟ್ಟು, ಮಾರ್ಚ್ 31 ಸೇರಿಸಿ ದಿನ ಎಣಿಸಿದೆ. ಹಿಂದಿನ ಬಾಕಿಗೆ ಮಾತ್ರ ಜನವರಿ 1 ಕೂಡ ಸೇರಿದೆ. ಅದನ್ನು ಬಿಟ್ಟು 89 ಎಂದು ಹಿಡಿದರೆ ತಮ್ಮ ಲೆಕ್ಕಕ್ಕೂ ನಮ್ಮದಕ್ಕೂ ರೂ. 6.58 ತಾಳೆಯಾಗದು. ಮಾರ್ಚ್ ಬಿಲ್ಲಿಗೆ ಹತ್ತು ದಿನದ ವಾಯಿದೆ ಇದ್ದುದರಿಂದ ಬಿಲ್ಲಿನ ತಾರೀಖಿನಿಂದ ಬಡ್ಡಿ ಹಾಕಿಲ್ಲ. ಚೆಕ್ಕು ನಮ್ಮ ಕೈಗೆ ಬಂದದ್ದು 18ಕ್ಕೆ, ಬ್ಯಾಂಕಿನಲ್ಲಿ ಜಮಾ ಆದದ್ದು 20ಕ್ಕೆ. ಒಪ್ಪಂದದಂತೆ ಜಮಾ ಆದ ದಿನವನ್ನೇ ಹಿಡಿದಿದೆ.

ತಪ್ಪೊಪ್ಪು ಕಂಡರೆ ಸಾಲಿನ ತಾರೀಖು ಹೇಳಿ ತಿಳಿಸಬೇಕು.

ತಿಪಟೂರು, 31-03-2025
ಮಂಡಿಯ ಗುಮಾಸ್ತರು