ಶಾಲಾ ಗ್ರಂಥಾಲಯ ಪುನಶ್ಚೇತನಕ್ಕೆ ಅನುದಾನ ಕೋರಿ ಪ್ರಸ್ತಾವನೆ

ಸಲ್ಲಿಸುವವರು: ಮುಖ್ಯ ಶಿಕ್ಷಕರು ಮತ್ತು ಎಸ್‌ಡಿಎಂಸಿ, ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಸೋಮವಾರಪೇಟೆ ತಾಲ್ಲೂಕು, ಕೊಡಗು ಜಿಲ್ಲೆ
ಕೋರುವ ಮೊತ್ತ: ₹1,69,500
ಅವಧಿ: ಏಪ್ರಿಲ್‌ನಿಂದ ಮುಂದಿನ ಮಾರ್ಚ್‌ವರೆಗೆ

ಈಗಿನ ಸ್ಥಿತಿ

ಶಾಲೆಯಲ್ಲಿ 1ರಿಂದ 7ನೇ ತರಗತಿಯವರೆಗೆ 142 ಮಕ್ಕಳಿದ್ದಾರೆ. ಅರ್ಧಕ್ಕಿಂತ ಹೆಚ್ಚು ಮಕ್ಕಳು ತೋಟದ ಲೈನ್ ಮನೆಗಳಿಂದ ಬರುತ್ತಾರೆ. ಮನೆಯಲ್ಲಿ ಅರೆಭಾಷೆ, ಕೊಡವ ತಕ್ಕ್, ಯರವ, ತಮಿಳು, ಮಲಯಾಳಂ ಮಾತಾಡುವ ಇವರಿಗೆ ಕನ್ನಡ ಪುಸ್ತಕ ಕೈಗೆ ಸಿಗುವುದು ಶಾಲೆಯಲ್ಲಿ ಮಾತ್ರ.

ದಾಸ್ತಾನು ವಹಿಯಲ್ಲಿ 1,140 ಪುಸ್ತಕಗಳಿವೆ. ಎಣಿಸಿದಾಗ 96 ಇರಲಿಲ್ಲ. 385 ಪುಸ್ತಕಗಳು ಬೂಷ್ಟು ಮತ್ತು ಗೆದ್ದಲಿಗೆ ಹಾಳಾಗಿವೆ, 240 ಹಳೆಯ ಗೈಡು, ಪಠ್ಯಪುಸ್ತಕಗಳು. ಮಕ್ಕಳ ಕೈಗೆ ಕೊಡಬಹುದಾದವು 419, ಅಂದರೆ ಮಗುವಿಗೆ ಮೂರೂ ಬರುವುದಿಲ್ಲ. ಕಳೆದ ವರ್ಷ ಇಡೀ ಶಾಲೆಯಲ್ಲಿ ಎರವಲು ಹೋದದ್ದು 214 ಸಲ.

ಹೊಸ ಪುಸ್ತಕ ತಂದರಷ್ಟೇ ಇದು ಸರಿಹೋಗದು. ಮುಂಗಾರಿನ ಇರಚಲು ಪಶ್ಚಿಮದ ಗೋಡೆಗೆ ನೇರ ಬಡಿಯುತ್ತದೆ. ಆ ಗೋಡೆಗೇ ಒರಗಿಸಿಟ್ಟ ಮರದ ಬೀರುವಿನ ಹಿಂಬದಿಯಿಂದ ಗೆದ್ದಲು ಹತ್ತಿದೆ. ಬಾಗಿಲು ಹಾಕಿದ ಬೀರುವಿನೊಳಗೆ ಗಾಳಿಯಾಡದೆ, ಪುಸ್ತಕದ ಬೆನ್ನಿನ ಅಂಟಿನಿಂದಲೇ ಬೂಷ್ಟು ಶುರುವಾಗಿ ಪುಟಗಳು ಒಂದಕ್ಕೊಂದು ಅಂಟಿವೆ. ನುಸಿಗುಳಿಗೆ ಹುಳವನ್ನು ದೂರ ಇಡಬಹುದು, ಬೂಷ್ಟಿಗೆ ಅದು ಏನೂ ಮಾಡದು. ಹಾಗಾಗಿ ಮೊದಲು ಕೋಣೆ, ಆಮೇಲೆ ಪುಸ್ತಕ.

ವೆಚ್ಚ ಮತ್ತು ಸಮರ್ಥನೆ

| ಬಾಬ್ತು | ₹ |
|---|---|
| ಪಶ್ಚಿಮ ಗೋಡೆಯ ಗಾರೆ, ನೀರುನಿರೋಧಕ ಲೇಪನ | 24,000 |
| ಹೆಂಚು ಬದಲಾವಣೆ (ಎಸ್‌ಡಿಎಂಸಿ ಭರಿಸುತ್ತದೆ) | 6,000 |
| ತೆರೆದ ಉಕ್ಕಿನ ರ್‍ಯಾಕ್ 5 × 6,800 | 34,000 |
| ತೇವಾಂಶ ತೆಗೆಯುವ ಯಂತ್ರ 18,500, ಮಾಪಕ 2 × 450 | 19,400 |
| ಚಿತ್ರಪುಸ್ತಕ 380 × 55 | 20,900 |
| ಇತರ ಪುಸ್ತಕ 240 × 120 | 28,800 |
| ಪುಸ್ತಕ ಸಾಗಣೆ | 3,200 |
| ಗ್ರಂಥಾಲಯ ಸಹಾಯಕಿ 10 ತಿಂಗಳು × 3,000 | 30,000 |
| ಲೇಬಲ್, ವಹಿ, ಟೇಪ್ 4,200. ಚೀಲ 4 × 250 | 5,200 |
| ಶಿಕ್ಷಕರಿಗೆ ಎರಡು ದಿನದ ತರಬೇತಿ | 4,000 |
| ಚಾಪೆ, ಗಿಡ್ಡ ಬೆಂಚು (ಎಸ್‌ಡಿಎಂಸಿ ಭರಿಸುತ್ತದೆ) | 6,500 |
| ಒಟ್ಟು | 1,82,000 |

ಎಸ್‌ಡಿಎಂಸಿ ಪಾಲು ₹12,500 ಕಳೆದು ಉಳಿದದ್ದನ್ನು ಕೋರುತ್ತಿದ್ದೇವೆ.

ರ್‍ಯಾಕ್‌ಗಳನ್ನು ಗೋಡೆಯಿಂದ ನಾಲ್ಕು ಇಂಚು ಬಿಟ್ಟು, ಕೆಳಗಿನ ತಟ್ಟೆ ನೆಲದಿಂದ ಆರು ಇಂಚು ಮೇಲಿರುವಂತೆ ನಿಲ್ಲಿಸುತ್ತೇವೆ. ಮೇಲಿನ ತಟ್ಟೆ ನಾಲ್ಕಡಿ ದಾಟಬಾರದು. ಒಂದನೇ ತರಗತಿಯ ಮಗು ತಾನೇ ಕೈಚಾಚಿ ತೆಗೆಯಬೇಕು. ಯಂತ್ರ ಜೂನ್‌ನಿಂದ ಅಕ್ಟೋಬರ್‌ವರೆಗೆ ದಿನಕ್ಕೆ ಆರು ಗಂಟೆ ಓಡುತ್ತದೆ, ಸುಮಾರು ಎರಡು ಯೂನಿಟ್ ವಿದ್ಯುತ್ ಸಾಕು. ಅದು ಓಡುವಾಗ ಕಿಟಕಿ ಮುಚ್ಚಿರಲೇಬೇಕು, ಇಲ್ಲವಾದರೆ ಹೊರಗಿನ ತೇವವನ್ನೇ ಎಳೆಯುತ್ತಾ ಕೂರುತ್ತದೆ. ಪುಸ್ತಕಗಳಿಗೆ ಪ್ಲಾಸ್ಟಿಕ್ ಹೊದಿಕೆ ಹಾಕುವುದಿಲ್ಲ, ಏಕೆಂದರೆ ಈ ಹವೆಯಲ್ಲಿ ತೇವ ಅದರೊಳಗೇ ನಿಲ್ಲುತ್ತದೆ. ಬೂಷ್ಟು ಹರಡಿದ 385 ಪುಸ್ತಕಗಳನ್ನು ನಿಯಮದಂತೆ ದಾಸ್ತಾನಿನಿಂದ ತೆಗೆಸುತ್ತೇವೆ; ಉಳಿದವುಗಳ ಜೊತೆ ಇಟ್ಟರೆ ಹೊಸವಕ್ಕೂ ಹತ್ತುತ್ತದೆ.

ಪುಸ್ತಕಗಳಲ್ಲಿ ಹೆಚ್ಚಿನ ಪಾಲು ಪುಟಕ್ಕೆ ಒಂದೆರಡು ವಾಕ್ಯವಿರುವ ಚಿತ್ರಪುಸ್ತಕಗಳಿಗೆ. ನಾಲ್ಕನೇ ತರಗತಿಗೆ ಬಂದರೂ ತಡವರಿಸಿ ಓದುವ ಮಗುವಿಗೆ ಇನ್ನೂರು ಪುಟದ ಜೀವನಚರಿತ್ರೆ ಕೊಟ್ಟರೆ ಅದು ಮತ್ತೆ ಗ್ರಂಥಾಲಯದ ಕಡೆ ಬಾರದು. ಓದಿನ ಮಟ್ಟಕ್ಕೆ ತಕ್ಕಂತೆ ಬೆನ್ನಿಗೆ ನಾಲ್ಕು ಬಣ್ಣದ ಪಟ್ಟಿ ಅಂಟಿಸುತ್ತೇವೆ.

ಸಹಾಯಕಿಯ ಗೌರವಧನವನ್ನು ದಯವಿಟ್ಟು ಕಡಿತ ಮಾಡಬೇಡಿ. ಶಿಕ್ಷಕರ ಮೇಲೆ ಎರಡೆರಡು ತರಗತಿಗಳ ಹೊರೆ ಇದೆ, ಬೀಗ ತೆಗೆಯುವವರಿಲ್ಲದ ಗ್ರಂಥಾಲಯ ಮುಚ್ಚಿದಂತೆಯೇ. ಊರಿನ ಪಿಯುಸಿ ಓದಿದ ಒಬ್ಬ ಮಹಿಳೆ ಮಧ್ಯಾಹ್ನದೂಟದ ವಿರಾಮದಲ್ಲೂ ಶಾಲೆ ಬಿಟ್ಟ ಮೇಲೆ ಒಂದು ಗಂಟೆಯೂ ಕೋಣೆ ತೆರೆದಿಡುತ್ತಾರೆ. ಡಿಸೆಂಬರ್‌ನಿಂದ ಫೆಬ್ರವರಿಯ ಕಾಫಿ ಕುಯ್ಲಿನಲ್ಲಿ ಹಾಜರಾತಿ ಕುಸಿಯುತ್ತದೆ. ಆಗ ಹದಿನೈದು ಪುಸ್ತಕಗಳ ನಾಲ್ಕು ಚೀಲಗಳು ಲೈನ್ ಮನೆಗಳಿಗೆ ಹೋಗಿ, ವಾರಕ್ಕೊಮ್ಮೆ ಸಾಲಿನಿಂದ ಸಾಲಿಗೆ ಬದಲಾಗುತ್ತವೆ.

ಅಳೆಯಬಹುದಾದ ಫಲಿತಾಂಶ

ಎರವಲು: ಮಾರ್ಚ್ ಅಂತ್ಯಕ್ಕೆ 1,420, ಅಂದರೆ ಮಗುವಿಗೆ ಸರಾಸರಿ ಹತ್ತು. ಒಂದೂ ಪುಸ್ತಕ ಒಯ್ಯದ ಮಕ್ಕಳ ಪಟ್ಟಿಯನ್ನು ಪ್ರತಿ ತಿಂಗಳು ಬೇರೆಯಾಗಿ ತೆಗೆಯುತ್ತೇವೆ, ಸರಾಸರಿಯ ಮರೆಯಲ್ಲಿ ಅವರು ಕಾಣದೆ ಹೋಗಬಾರದು.

ಓದು: 3ರಿಂದ 5ನೇ ತರಗತಿಯ 61 ಮಕ್ಕಳಲ್ಲಿ ಈಗ 23 ಮಂದಿ ಎರಡನೇ ತರಗತಿ ಮಟ್ಟದ ಕಥೆಯನ್ನು ಸರಾಗವಾಗಿ ಓದುತ್ತಾರೆ. ಗುರಿ 40. ಜೂನ್ ಮತ್ತು ಮಾರ್ಚ್‌ನಲ್ಲಿ ಒಬ್ಬೊಬ್ಬರನ್ನೇ ಕೂರಿಸಿ, ಮೊದಲು ನೋಡಿರದ ಕಥೆ ಓದಿಸುತ್ತೇವೆ. ಓದಿಸುವವರು ಆ ತರಗತಿಯ ಶಿಕ್ಷಕರಾಗಿರುವುದಿಲ್ಲ.

ತೇವಾಂಶ: ದಿನಕ್ಕೆರಡು ಸಲ ದಾಖಲೆ. ಶೇ 65ನ್ನು ಸತತ ಮೂರು ದಿನಕ್ಕಿಂತ ಹೆಚ್ಚು ಮೀರಬಾರದು. ಕರೆಂಟು ದಿನಗಟ್ಟಲೆ ಹೋದಾಗ ಇದು ತಪ್ಪಬಹುದು; ಆ ದಿನಗಳನ್ನು ಗುರುತಿಸಿ, ಬಿಸಿಲು ಬಂದ ಕೂಡಲೇ ಪುಸ್ತಕ ಬಿಡಿಸಿ ಗಾಳಿಗಿಡುತ್ತೇವೆ.

ನಷ್ಟ: ವರ್ಷಕ್ಕೆ ಶೇ 3ರವರೆಗೆ ಒಪ್ಪಿಕೊಳ್ಳುತ್ತೇವೆ. ಸೊನ್ನೆ ನಷ್ಟದ ಗುರಿ ಇಟ್ಟರೆ ಪುಸ್ತಕಗಳು ಮತ್ತೆ ಬೀಗದೊಳಗೆ ಸೇರುತ್ತವೆ. ಹರಿದ, ಕಳೆದ ಪುಸ್ತಕಕ್ಕೆ ಮಕ್ಕಳಿಂದ ದಂಡ ವಸೂಲಿ ಇಲ್ಲ.

ಹಣ ಬಿಡುಗಡೆ ಮತ್ತು ಮುಂದುವರಿಕೆ

ಗೋಡೆ, ರ್‍ಯಾಕ್, ಯಂತ್ರಕ್ಕೆ ಬೇಕಾದ ₹77,400 ಮಾರ್ಚ್ ಅಂತ್ಯದೊಳಗೆ ಬರಬೇಕು. ಗಾರೆ ಒಣಗಲು ಏಪ್ರಿಲ್, ಮೇ ತಿಂಗಳ ಬಿಸಿಲು ಬೇಕು, ಮಳೆ ಹಿಡಿದ ಮೇಲೆ ಬಳಿದ ಲೇಪನ ಕಿತ್ತುಬರುತ್ತದೆ. ಉಳಿದ ₹92,100ನ್ನು ಮೊದಲ ಕಂತಿನ ಬಿಲ್ಲು, ಫೋಟೊ ನೋಡಿ ಜೂನ್‌ನಲ್ಲಿ ಕೊಡಬಹುದು. ಎರಡನೇ ವರ್ಷದಿಂದ ಸಹಾಯಕಿಯ ಗೌರವಧನ ಹಾಗೂ ₹5,000ದ ಹೊಸ ಪುಸ್ತಕಗಳ ಖರ್ಚನ್ನು ಶಾಲೆಯ ಜಾಗದ ಕಾಫಿ ಮತ್ತು ಮೆಣಸಿನ ಹರಾಜಿನ ಹಣ, ಹಳೆಯ ವಿದ್ಯಾರ್ಥಿಗಳ ವಂತಿಗೆಯಿಂದ ಭರಿಸಲು ಎಸ್‌ಡಿಎಂಸಿ ಸಭೆ ನಿರ್ಣಯಿಸಿದೆ. ನಿರ್ಣಯದ ಪ್ರತಿ, ದರಪಟ್ಟಿಗಳು ಮತ್ತು ದಾಸ್ತಾನು ಪರಿಶೀಲನಾ ವರದಿಯನ್ನು ಲಗತ್ತಿಸಿದ್ದೇವೆ.