ಶಿಫಾರಸು ಪತ್ರ: ಕುಮಾರಿ ಚೈತ್ರಾ ಬಿ., ಸ್ನಾತಕೋತ್ತರ ಪ್ರವೇಶದ ಬಗ್ಗೆ

ಇಂದ:
ಎಂ. ಎಸ್. ನಾಗರತ್ನ
ಸಹ ಪ್ರಾಧ್ಯಾಪಕಿ, ಇತಿಹಾಸ ವಿಭಾಗ
ಸರ್ಕಾರಿ ಪ್ರಥಮ ದರ್ಜೆ ಕಾಲೇಜು
ಶಿಕಾರಿಪುರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ

ದಿನಾಂಕ: 12 ಜುಲೈ 2024

ಗೆ:
ಮುಖ್ಯಸ್ಥರು
ಪ್ರಾಚೀನ ಭಾರತೀಯ ಇತಿಹಾಸ ಮತ್ತು ಶಾಸನಶಾಸ್ತ್ರ ಅಧ್ಯಯನ ವಿಭಾಗ
ಕರ್ನಾಟಕ ವಿಶ್ವವಿದ್ಯಾಲಯ, ಧಾರವಾಡ

ಮಾನ್ಯರೇ,

ತಮ್ಮ ವಿಭಾಗದ ಎಂ.ಎ. ತರಗತಿಯ ಪ್ರವೇಶಕ್ಕೆ ಅರ್ಜಿ ಸಲ್ಲಿಸಿರುವ ಕುಮಾರಿ ಚೈತ್ರಾ ಬಿ. ಅವರು 2021ರಿಂದ 2024ರವರೆಗೆ ನಮ್ಮ ಕಾಲೇಜಿನಲ್ಲಿ ಇತಿಹಾಸ ಮತ್ತು ಕನ್ನಡವನ್ನು ಐಚ್ಛಿಕ ವಿಷಯಗಳಾಗಿ ತೆಗೆದುಕೊಂಡು ಬಿ.ಎ. ಪೂರೈಸಿದ್ದಾರೆ. ಕರ್ನಾಟಕ ಇತಿಹಾಸದ ಪತ್ರಿಕೆಗಳನ್ನು ನಾನೇ ಅವರಿಗೆ ಪಾಠ ಮಾಡಿದ್ದೇನೆ. ಕೊನೆಯ ವರ್ಷದ ಕಿರುಸಂಶೋಧನೆಗೆ ಮಾರ್ಗದರ್ಶಕಿಯೂ ಆಗಿದ್ದೆ. ‘ಶ್ರದ್ಧಾವಂತೆ’, ‘ಪ್ರತಿಭಾವಂತೆ’ ಎಂಬ ಮಾತುಗಳು ಇಂಥ ಪತ್ರಗಳಲ್ಲಿ ಎಲ್ಲರಿಗೂ ಸಲ್ಲುತ್ತಿರುವುದರಿಂದ, ಅವುಗಳನ್ನು ಬಿಟ್ಟು ಅವರು ಮಾಡಿದ ಕೆಲಸದಲ್ಲಿ ನಾನು ಕಂಡದ್ದನ್ನು ಮಾತ್ರ ತಮ್ಮ ಮುಂದಿಡುತ್ತೇನೆ.

ಚೈತ್ರಾ ಅವರ ಕಿರುಸಂಶೋಧನೆಯ ವಿಷಯ ಅವರ ಊರಿನ ಮತ್ತು ಸುತ್ತಲಿನ ಹಳ್ಳಿಗಳ ವೀರಗಲ್ಲುಗಳು. ಊರಿನ ದೇವಸ್ಥಾನದ ಹಿಂದೆ ನಿಂತಿರುವ ಒಂದು ಕಲ್ಲಿಗೆ ಜನರು ಎಣ್ಣೆ, ಕುಂಕುಮ ಹಚ್ಚಿ ಪೂಜಿಸುತ್ತಿದ್ದುದರಿಂದ ಅಕ್ಷರಗಳ ಮೇಲೆ ದಪ್ಪನೆಯ ಪದರವೇ ಕೂತಿತ್ತು. ಜೊತೆಗಿದ್ದ ಸಹಪಾಠಿಗಳು ಮೇಲಕ್ಕೆ ಕಾಣುತ್ತಿದ್ದ ಅಕ್ಷರಗಳ ಗೆರೆಗಳಿಗೆ ಸೀಮೆಸುಣ್ಣ ತುಂಬಿ ಫೋಟೊ ತೆಗೆಯಲು ಹೊರಟಾಗ ಚೈತ್ರಾ ತಡೆದರು. ಓದುವ ಮೊದಲೇ ಗೆರೆ ತುಂಬಿದರೆ ನಾವು ಊಹಿಸಿದ ಅಕ್ಷರವನ್ನೇ ಫೋಟೊದಲ್ಲಿ ಕಾಣುತ್ತೇವೆ ಎಂಬುದು ಅವರ ವಾದವಾಗಿತ್ತು. ಕಲ್ಲನ್ನು ತೊಳೆಯಲು ಊರಿನ ಹಿರಿಯರ ಮತ್ತು ಪೂಜಾರಿಯವರ ಒಪ್ಪಿಗೆ ಪಡೆದು, ಹಬ್ಬ ಮುಗಿಯುವವರೆಗೂ ಕಾದು, ಬರಿಯ ನೀರು ಮತ್ತು ಮೆತ್ತನೆಯ ಬ್ರಷ್ಷಿನಿಂದ ಪದರವನ್ನು ತೆಗೆದರು. ಆಮೇಲೆ ಒದ್ದೆ ಕಾಗದವನ್ನು ಕಲ್ಲಿಗೆ ಕೂರಿಸಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆದರು. ಮೊದಲ ಅಚ್ಚುಗಳಲ್ಲಿ ಕಾಗದ ಹರಿಯಿತು, ಮಸಿ ಹೆಚ್ಚಾಗಿ ಅಕ್ಷರದೊಳಕ್ಕೂ ಇಳಿಯಿತು. ಆ ಕೆಟ್ಟ ಅಚ್ಚುಗಳನ್ನೂ ಎಸೆಯದೆ, ಪ್ರತಿಯೊಂದರ ಹಿಂದೆ ಏನು ತಪ್ಪಾಯಿತೆಂದು ಬರೆದು ಕಡತದಲ್ಲಿ ಸೇರಿಸಿದ್ದಾರೆ. ಆ ಕಡತ ಈಗ ನಮ್ಮ ವಿಭಾಗದಲ್ಲಿದ್ದು, ಮುಂದಿನ ತಂಡದ ವಿದ್ಯಾರ್ಥಿಗಳು ಅದನ್ನು ನೋಡಿಕೊಂಡೇ ಕೆಲಸ ಆರಂಭಿಸಿದ್ದಾರೆ.

ಆದರೆ ಅವರ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾದದ್ದು ಇದೇ ಶಾಸನದ ಕಾಲನಿರ್ಣಯದಲ್ಲಿ. ಶಕವರ್ಷದ ನಾಲ್ಕು ಅಂಕಿಗಳಲ್ಲಿ ಮೂರನೆಯದು ಅರ್ಧ ಒಡೆದಿತ್ತು. ಚೈತ್ರಾ ಅದನ್ನು ಒಂಬತ್ತೆಂದು ಓದಿ, ಶಕ 1094, ಅಂದರೆ ಕ್ರಿ.ಶ. 1172 ಎಂದು ಬರೆದು ಕರಡನ್ನು ನನಗೆ ಒಪ್ಪಿಸಿದ್ದರು. ಎರಡು ದಿನ ಕಳೆಯುವುದರೊಳಗೆ, ನಾನು ಕರಡನ್ನು ತೆರೆಯುವ ಮುನ್ನವೇ, ಅದನ್ನು ವಾಪಸು ಕೇಳಲು ಬಂದರು. ಅಂಕಿಯ ಮುಂದೆ ‘ಚಿತ್ರಭಾನು’ ಎಂಬ ಸಂವತ್ಸರದ ಹೆಸರು ಸ್ಪಷ್ಟವಾಗಿದೆ. ಅರವತ್ತು ಸಂವತ್ಸರಗಳ ಚಕ್ರವನ್ನು ಹಿಂದಕ್ಕೆ ಎಣಿಸಿದರೆ ಶಕ 1094 ನಂದನ ಸಂವತ್ಸರವಾಗುತ್ತದೆಯೇ ಹೊರತು ಚಿತ್ರಭಾನು ಆಗುವುದಿಲ್ಲ. ಚಿತ್ರಭಾನು ಬರುವುದು ಶಕ 1084ರಲ್ಲಿ, ಅಂದರೆ ಕ್ರಿ.ಶ. 1162ರಲ್ಲಿ, ಆದ್ದರಿಂದ ಒಡೆದ ಅಂಕಿ ಎಂಟಾಗಿರಬೇಕು ಎಂದು ಲೆಕ್ಕದ ಹಾಳೆಯನ್ನು ಮುಂದಿಟ್ಟರು. ಹಾಗೆಂದು ಲೆಕ್ಕವನ್ನೇ ನೆಚ್ಚಿ ಕೂರದೆ, ಮರುದಿನ ಊರಿಗೆ ಹೋಗಿ ಸಂಜೆಯ ಓರೆ ಬೆಳಕಿನಲ್ಲಿ ಆ ಅಂಕಿಯನ್ನು ಮತ್ತೆ ಪರೀಕ್ಷಿಸಿ, ಉಳಿದಿರುವ ಗೆರೆ ಎಂಟಕ್ಕೆ ಒಗ್ಗುತ್ತದೆಂದು ಖಚಿತಪಡಿಸಿಕೊಂಡರು.

ಕ್ರಿ.ಶ. 1162 ಎಂದೊಡನೆ ಕಳಚೂರಿ ಬಿಜ್ಜಳನ ಹೆಸರು ಯಾರಿಗಾದರೂ ನೆನಪಾಗುತ್ತದೆ. ಊರಿನವರಿಗೂ ತಮ್ಮ ವೀರ ಬಿಜ್ಜಳನ ದಂಡಿನವನೆಂದು ಕೇಳುವ ಆಸೆ ಇತ್ತು. ಕಲ್ಲಿನಲ್ಲಿ ರಾಜನ ಹೆಸರಿಲ್ಲ, ತುರುಗಳನ್ನು ಹಿಂತಿರುಗಿಸಿ ಸತ್ತವನ ಹೆಸರು ಮತ್ತು ಕಲ್ಲು ನಿಲ್ಲಿಸಿದ ತಮ್ಮನ ಹೆಸರು ಮಾತ್ರ ಇವೆ ಎಂದು ಚೈತ್ರಾ ಊರಿನವರಿಗೆ ತಿಳಿಸಿ ಹೇಳಿದರು. ವರದಿಯಲ್ಲಿಯೂ ‘ಕಾಲದಿಂದ ಬಿಜ್ಜಳನ ಆಳ್ವಿಕೆಗೆ ಸೇರುತ್ತದೆ, ಅವನ ಸೈನ್ಯಕ್ಕೂ ಈ ವೀರನಿಗೂ ಸಂಬಂಧವಿತ್ತೆನ್ನಲು ಶಾಸನದಲ್ಲಿ ಆಧಾರವಿಲ್ಲ’ ಎಂದಷ್ಟೇ ಬರೆದರು. ಸ್ವಂತ ಊರಿನ ಕಲ್ಲಿನ ಬಗ್ಗೆ ಇಪ್ಪತ್ತೊಂದರ ವಯಸ್ಸಿನಲ್ಲಿ ಇಷ್ಟು ಬಿಗಿಯಾಗಿ ಬರೆಯುವುದು ಸುಲಭವಲ್ಲ.

ತರಗತಿಯ ಒಂದು ಪ್ರಸಂಗವನ್ನೂ ಹೇಳಬೇಕು. ನಮ್ಮ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯಮಠವನ್ನು ಕುರಿತ 1162ರ ಶಾಸನವನ್ನು ಪಾಠ ಮಾಡುವಾಗ, ಅಲ್ಲಿ ಕಲಿಸುತ್ತಿದ್ದ ವೇದ, ವ್ಯಾಕರಣ, ದರ್ಶನಗಳ ಪಟ್ಟಿಯನ್ನು ವಿದ್ಯಾರ್ಥಿಗಳು ಬರೆದುಕೊಂಡು ಪರೀಕ್ಷೆಗೆ ಸಿದ್ಧರಾಗುವುದು ವಾಡಿಕೆ. ಚೈತ್ರಾ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟದಿಂದ ಮೂಲಪಾಠವನ್ನೇ ನಕಲು ಮಾಡಿಕೊಂಡು ಬಂದು, ಅನ್ನದಾನದ ಭಾಗದ ಮೇಲೆ ಪ್ರಶ್ನೆ ಎತ್ತಿದರು: ದೀನರು, ಅನಾಥರು, ಕುರುಡರು, ಕಿವುಡರ ಸಾಲಿನಲ್ಲಿಯೇ ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು ಏಕೆ ಬಂದಿದ್ದಾರೆ? ನಾನು ಉತ್ತರ ಕೊಡದೆ ಅವರಿಗೇ ಅದನ್ನು ಸೆಮಿನಾರಿನ ವಿಷಯವಾಗಿ ಕೊಟ್ಟೆ. ಅದೇ ಸಾಲು ಕ್ಷಪಣಕರು, ಏಕದಂಡಿ ತ್ರಿದಂಡಿಗಳು, ನಾನಾ ದೇಶದ ಭಿಕ್ಷುಕರವರೆಗೂ ಮುಂದುವರಿಯುವುದನ್ನು ತೋರಿಸಿ, ಇಲ್ಲಿ ಸಾಲನ್ನು ಕೂಡಿಸಿರುವುದು ಅಂಗವೈಕಲ್ಯವಲ್ಲ, ನೆಲೆಯ ಜೀವನೋಪಾಯ ಇಲ್ಲದಿರುವುದು ಎಂದು ಅವರು ವಾದಿಸಿದರು. ಆ ವಾದವನ್ನು ನಾನು ಪೂರ್ತಿಯಾಗಿ ಒಪ್ಪುವುದಿಲ್ಲ. ಆದರೆ ಅದನ್ನು ತಳ್ಳಿಹಾಕಬೇಕಾದರೆ ಮೂಲಪಾಠವನ್ನು ಮತ್ತೊಮ್ಮೆ ಓದಬೇಕಾಗುತ್ತದೆ.

ಕೊರತೆಗಳನ್ನೂ ತಿಳಿಸುವುದು ನನ್ನ ಕರ್ತವ್ಯ. ಚೈತ್ರಾ ಅವರಿಗೆ ಸಂಸ್ಕೃತ ಬಾರದು. ಸಂಸ್ಕೃತ ಶ್ಲೋಕಗಳಿರುವ ಶಾಸನಗಳಲ್ಲಿ ಅವರು ಇನ್ನೂ ಅನುವಾದವನ್ನೇ ಅವಲಂಬಿಸುತ್ತಾರೆ. ಹಳಗನ್ನಡದ ತಳಹದಿ ಚೆನ್ನಾಗಿರುವುದರಿಂದ ಈ ಕೊರತೆಯನ್ನು ಮೊದಲ ವರ್ಷದಲ್ಲಿಯೇ ತುಂಬಿಕೊಳ್ಳಬಲ್ಲರೆಂದು ನಂಬಿದ್ದೇನೆ. ಇಂಗ್ಲಿಷ್ ಲೇಖನಗಳನ್ನು ನಿಧಾನವಾಗಿ ಓದುತ್ತಾರೆ, ಆದರೆ ಓದಿಯೇ ಮುಗಿಸುತ್ತಾರೆ. ಮೂರನೆಯ ಸೆಮಿಸ್ಟರಿನ ಅಂಕಗಳು ಉಳಿದವುಗಳಿಗಿಂತ ಕಡಿಮೆ ಇರುವುದು ತಮ್ಮ ಗಮನಕ್ಕೆ ಬರಬಹುದು. ಆ ಅವಧಿಯಲ್ಲಿ ಅವರ ತಂದೆಯವರು ಆಸ್ಪತ್ರೆಯಲ್ಲಿದ್ದರು. ಭತ್ತದ ಕೊಯ್ಲನ್ನು ತಾಯಿಯೊಂದಿಗೆ ಇವರೇ ನಿಭಾಯಿಸಬೇಕಾಯಿತು. ಇದನ್ನು ಅರ್ಜಿಯಲ್ಲಿ ಬರೆಯಲು ಅವರು ಒಪ್ಪದ ಕಾರಣ, ಅವರ ಅನುಮತಿ ಪಡೆದು ನಾನು ಇಲ್ಲಿ ಬರೆದಿದ್ದೇನೆ.

ನಮ್ಮಲ್ಲಿ ಶಾಸನಗಳನ್ನು ಕಲಿಸಲು ಪ್ರತ್ಯೇಕ ಪತ್ರಿಕೆಯಿಲ್ಲ, ಲಿಪಿಶಾಸ್ತ್ರದಲ್ಲಿ ತರಬೇತಿ ಪಡೆದ ಅಧ್ಯಾಪಕರೂ ಇಲ್ಲ. ಚೈತ್ರಾ ಕಲಿತ ಲಿಪಿಯೆಲ್ಲವೂ ಮುದ್ರಿತ ಪಾಠವನ್ನೂ ಪಡಿಯಚ್ಚನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಿ ಕಲಿತದ್ದು. ಈ ಹಂತದಿಂದ ಮುಂದೆ ಅವರಿಗೆ ಬೇಕಾದ ಶಿಕ್ಷಣ ತಮ್ಮ ವಿಭಾಗದಲ್ಲಿದೆ. ಅವರಿಗೆ ಪ್ರವೇಶ ನೀಡಬೇಕೆಂದು ಯಾವ ಹಿಂಜರಿಕೆಯೂ ಇಲ್ಲದೆ ಶಿಫಾರಸು ಮಾಡುತ್ತೇನೆ.

ವೀರಗಲ್ಲಿನ ಪಡಿಯಚ್ಚಿನ ಛಾಯಾಪ್ರತಿ, ಕಾಲಗಣನೆಯ ಹಾಳೆ ಮತ್ತು ಕಿರುಸಂಶೋಧನೆಯ ವರದಿಯನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ. ಹೆಚ್ಚಿನ ವಿವರ ಬೇಕಾದಲ್ಲಿ ಕಾಲೇಜಿನ ವಿಳಾಸಕ್ಕೆ ಬರೆದರೆ ಕೂಡಲೇ ಉತ್ತರಿಸುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಎಂ. ಎಸ್. ನಾಗರತ್ನ