ಚಂದನಾಳ ಓದಿನ ಬಗ್ಗೆ ಮಾತಾಡೋಣ, ಬನ್ನಿ

ಮಂಜುನಾಥ್ ಅವರಿಗೂ ಸವಿತಾ ಅವರಿಗೂ ನಮಸ್ಕಾರ.

ನಾನು ಚಂದನಾಳ ನಾಲ್ಕನೇ ತರಗತಿಯ ಟೀಚರ್ ಶೋಭಾ. ಡಿಸೆಂಬರ್ 6, ಶನಿವಾರ ಮಧ್ಯಾಹ್ನ 12 ಗಂಟೆಗೆ, ಶಾಲೆ ಬಿಟ್ಟ ಮೇಲೆ, ನೀವಿಬ್ಬರೂ ಬಂದರೆ ಅರ್ಧ ಗಂಟೆ ಕೂತು ಅವಳ ಕಲಿಕೆ ಬಗ್ಗೆ ಮಾತಾಡಬಹುದು. ದೂರು ಹೇಳಲು ಕರೆಯುತ್ತಿಲ್ಲ. ಅವಳು ಯಾವ ತಪ್ಪೂ ಮಾಡಿಲ್ಲ.

ಚಂದನಾ ಕ್ಲಾಸಿನಲ್ಲಿ ತುಂಬಾ ಚುರುಕು. ಡಜನ್ ಬಾಳೆಹಣ್ಣಿಗೆ 60 ರೂಪಾಯಿ ಆದರೆ ನಾಲ್ಕಕ್ಕೆ ಎಷ್ಟು ಅಂತ ಕೇಳಿದರೆ, ಉಳಿದವರು ಪೆನ್ಸಿಲ್ ಹುಡುಕುವಷ್ಟರಲ್ಲಿ ಇವಳು ‘20’ ಅಂತಾಳೆ. ಕೇಳಿದ ಕಥೆಯನ್ನು ಒಂದು ಮಾತೂ ಬಿಡದೆ ತಿರುಗಿ ಹೇಳುತ್ತಾಳೆ. ಪುಸ್ತಕ ನೋಡಿಕೊಂಡು ಓದುವಾಗ, ಬರೆಯುವಾಗ ಮಾತ್ರ ಅವಳಿಗೆ ಜಾಸ್ತಿ ಸಮಯ ಬೇಕಾಗುತ್ತಿದೆ. ಒತ್ತಕ್ಷರ ಬಂದರೆ ಅಲ್ಲೇ ನಿಲ್ಲುತ್ತಾಳೆ. ಮೊನ್ನೆ ‘ಹಕ್ಕಿ’ಯನ್ನು ‘ಹಕಿ’ ಅಂತ ಓದಿದಳು, ಕೆಳಗಿನ ಒತ್ತಿನ ಮೇಲೆ ಬೆರಳಿಟ್ಟು ತೋರಿಸಿದ ತಕ್ಷಣ ತಾನೇ ಸರಿಮಾಡಿಕೊಂಡಳು. ‘ಪ’ ಮತ್ತು ‘ವ’ ಆಗಾಗ ಅದಲುಬದಲಾಗುತ್ತವೆ. ಬೋರ್ಡ್ ನೋಡಿ ಬರೆಯುವಾಗ ಅರ್ಧಕ್ಕೇ ಕೈ ನಿಲ್ಲುತ್ತದೆ. ಇದು ಸೋಮಾರಿತನ ಅಂತ ನನಗೆ ಒಂದು ದಿನವೂ ಅನಿಸಿಲ್ಲ. ಪ್ರಯತ್ನ ಪಡುತ್ತಿರುವುದು ಕಣ್ಣಿಗೆ ಕಾಣುತ್ತದೆ.

ಮುಂದಿನ ವರ್ಷ ಪಾಠಗಳು ಉದ್ದ ಆಗುತ್ತವೆ, ಅದಕ್ಕೇ ಈಗಲೇ ಮಾತಾಡೋಣ ಅನಿಸಿತು. ಕಾರಣ ಇದೇ ಅಂತ ನಾನು ಊಹೆ ಮಾಡಲು ಹೋಗುವುದಿಲ್ಲ. ಮಗುವನ್ನು ನನಗಿಂತ ಚೆನ್ನಾಗಿ ಬಲ್ಲವರು ನೀವು. ಮನೆಯಲ್ಲಿ ಹೋಂವರ್ಕ್ ಮಾಡುವಾಗ ಹೇಗಿರುತ್ತಾಳೆ, ಬೇಗ ಸುಸ್ತಾಗುತ್ತಾಳಾ, ಪುಸ್ತಕವನ್ನು ಕಣ್ಣಿಗೆ ತೀರಾ ಹತ್ತಿರ ಹಿಡಿಯುತ್ತಾಳಾ, ಇದೆಲ್ಲ ನಿಮ್ಮಿಂದ ತಿಳಿದುಕೊಳ್ಳಬೇಕು. ಕಣ್ಣು, ಕಿವಿ ಪರೀಕ್ಷೆ ಮಾಡಿಸಿದ ಚೀಟಿ ಇದ್ದರೆ ತನ್ನಿ, ಇಲ್ಲದಿದ್ದರೂ ಪರವಾಗಿಲ್ಲ. ಈಗ ಕ್ಲಾಸಿನಲ್ಲಿ ಅವಳನ್ನು ಮುಂದಿನ ಬೆಂಚಿನಲ್ಲಿ ಕೂರಿಸಿದ್ದೇನೆ, ಕೆಲವು ಉತ್ತರಗಳನ್ನು ಬಾಯಲ್ಲೇ ಹೇಳಿಸುತ್ತೇನೆ. ಇನ್ನೇನು ಮಾಡಬಹುದು ಅಂತ ನಾವೇ ಕೂತು ಗೊತ್ತುಮಾಡಿಕೊಳ್ಳೋಣ. ಬೇರೆಯವರ ಸಲಹೆ ಬೇಕು ಅನಿಸಿದರೆ ಅದನ್ನೂ ನಿಮ್ಮ ಒಪ್ಪಿಗೆ ತಗೊಂಡೇ ಮಾಡುವುದು.

ಆ ದಿನ ನಾವು ಮೂವರೇ ಇರುತ್ತೇವೆ. ಮಾತು ಹೊರಗೆ ಹೋಗುವುದಿಲ್ಲ. ಚಂದನಾ ಕೈಯಲ್ಲಿ ಚೀಟಿ ಕಳಿಸದೆ ವಾಟ್ಸಾಪ್ ಮಾಡುತ್ತಿರುವುದೂ ಅದಕ್ಕೇ. ‘ಟೀಚರ್ ಯಾಕೆ ಕರೆದಿದ್ದಾರೆ’ ಅಂತ ಅವಳು ಕೇಳಿದರೆ, ನಿನ್ನ ಓದಿಗೆ ಹೇಗೆ ಸಹಾಯ ಮಾಡೋಣ ಅಂತ ಮಾತಾಡೋಕೆ ಅಂತ ಹೇಳಿ. ಅದು ನಿಜವೇ ಅಲ್ವಾ. ಅಲ್ಲಿಯವರೆಗೆ ಓದಿನ ವಿಷಯಕ್ಕೆ ಗದರಬೇಡಿ, ಅಕ್ಕಪಕ್ಕದ ಮಕ್ಕಳ ಜೊತೆ ಹೋಲಿಸಬೇಡಿ, ದಯವಿಟ್ಟು.

ಸವಿತಾ ಅವರೇ, ಗಾರ್ಮೆಂಟ್ಸ್‌ನಲ್ಲಿ ಆ ದಿನ ರಜೆ ಸಿಗದಿದ್ದರೆ ಭಾನುವಾರ ಬೆಳಗ್ಗೆ 10 ಗಂಟೆಗೆ ಬನ್ನಿ, ನಾನು ಶಾಲೆಗೆ ಬಂದಿರುತ್ತೇನೆ. ಚಿಕ್ಕ ಮಗನನ್ನು ಬಿಟ್ಟುಬರಲು ಆಗದಿದ್ದರೆ ಕರ್ಕೊಂಡೇ ಬನ್ನಿ. ಯಾವ ದಿನ ಅನುಕೂಲ ಅಂತ ಗುರುವಾರದೊಳಗೆ ಇದೇ ನಂಬರಿಗೆ ಫೋನ್ ಮಾಡಿ ಅಥವಾ ಒಂದು ವಾಯ್ಸ್ ಮೆಸೇಜ್ ಹಾಕಿ.

ನಿಮ್ಮ
ಶೋಭಾ
ನಾಲ್ಕನೇ ತರಗತಿ ಶಿಕ್ಷಕಿ